ಆವರಣದೊಳಗೆ ಸಿಕ್ಕ ಹದಿನಾರು

x² + y² = 4 ಎಂದರೆ 2 ತ್ರಿಜ್ಯದ ವೃತ್ತ. ಇದು ಹೈಸ್ಕೂಲು ದಾಟಿದವರಿಗೆಲ್ಲ ಗೊತ್ತು. ಅದರಲ್ಲಿ ಘಾತವನ್ನು ಎರಡರಿಂದ ನಾಲ್ಕಕ್ಕೆ ಏರಿಸಿ, ಬಲಗಡೆ 16 ಇಟ್ಟು ನೋಡಿ:

x⁴ + y⁴ = 16

ಈ ರೇಖೆಯೂ ವೃತ್ತದ ಹಾಗೆಯೇ ಅಕ್ಷಗಳನ್ನು ಎರಡೆರಡು ಮಾನ ದೂರದಲ್ಲಿ ಮುಟ್ಟುತ್ತದೆ, ಸುತ್ತಿ ಬಂದು ತನ್ನನ್ನೇ ಸೇರುತ್ತದೆ. ಆದರೆ ನಡುವೆ ಅದು ಹೊರಕ್ಕೆ ಉಬ್ಬಿಕೊಂಡಿರುತ್ತದೆ. x ಮತ್ತು y ಸಮವಾಗುವ ಕಡೆ ವೃತ್ತದಲ್ಲಿ ಎರಡೂ ಸುಮಾರು 1.41, ಇಲ್ಲಿ ಎರಡೂ 1.68. ಬದಿಗಳು ಚಪ್ಪಟೆ, ಮೂಲೆಗಳು ದುಂಡಗೆ. ಚೌಕವಾಗಲು ಹೊರಟ ವೃತ್ತ ಅನ್ನಬಹುದು.

ಫ್ರಾನ್ಸಿನ ಗಣಿತಜ್ಞ ಗೇಬ್ರಿಯಲ್ ಲಾಮೆ 1818ರಲ್ಲೇ ಇಂಥ ರೇಖೆಗಳ ಬಗ್ಗೆ ಬರೆದಿದ್ದ. ಅವುಗಳಿಗೆ ಜನಪ್ರಿಯತೆ ಬಂದದ್ದು ಮಾತ್ರ 1959ರ ನಂತರ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಸೆರ್ಗೆಲ್ ಚೌಕವನ್ನು ರೂಪಿಸುವಾಗ, ಆಯತಾಕಾರದ ಜಾಗದೊಳಗೆ ವಾಹನಗಳು ಸಲೀಸಾಗಿ ಸುತ್ತುವ ಆಕಾರ ಬೇಕಿತ್ತು. ಡೆನ್ಮಾರ್ಕಿನ ಕವಿ ಹಾಗೂ ವಿನ್ಯಾಸಕಾರ ಪೀಟ್ ಹೈನ್ ಸೂಚಿಸಿದ್ದು ಇದೇ ಮನೆತನದ ರೇಖೆಯನ್ನು, ಘಾತ 2.5 ಇಟ್ಟು. ನಾನು ಇಲ್ಲಿ 4 ತೆಗೆದುಕೊಂಡಿರುವುದು ಲೆಕ್ಕ ಪೂರ್ಣಾಂಕಗಳಲ್ಲಿ ನಡೆಯಲಿ ಎಂದಷ್ಟೇ.

ಈಗ ಪ್ರಶ್ನೆ: ಈ ರೇಖೆ ಎಲ್ಲಿ ಎಷ್ಟು ಬಾಗುತ್ತದೆ? ಮೊದಲ ಡೆರಿವೇಟಿವ್ ರೇಖೆಯ ಇಳಿಜಾರನ್ನು ಹೇಳುತ್ತದೆ. ಆ ಇಳಿಜಾರು ಎಷ್ಟು ಬೇಗ ಬದಲಾಗುತ್ತಿದೆ ಎಂದು ಹೇಳುವುದು ಎರಡನೆಯದು. ನಮಗೆ ಬೇಕಾದದ್ದು ಅದು.

y = ⁴√(16 − x⁴) ಎಂದು ಬಿಡಿಸಿಕೊಂಡು ಎರಡು ಸಲ ಅವಕಲಿಸಬಹುದು. ಆದರೆ ಭಿನ್ನರಾಶಿ ಘಾತಗಳ ಗೋಜಲಿನಲ್ಲಿ ಕೈ ಸೋಲುತ್ತದೆ. ಸಾಲದ್ದಕ್ಕೆ, ಕೆಳಗಿನ ಅರ್ಧ ರೇಖೆಗೆ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕು. ಅದರ ಬದಲು ಸಮೀಕರಣವನ್ನು ಇದ್ದ ಹಾಗೇ ಇಟ್ಟು ಎರಡೂ ಕಡೆ ಅವಕಲಿಸುವುದೇ ಇಂಪ್ಲಿಸಿಟ್ ವಿಧಾನ. ಇಲ್ಲಿ ನೆನಪಿಡಬೇಕಾದ್ದು ಒಂದೇ: y ಬಿಡಿ ಅಕ್ಷರವಲ್ಲ, x ಬದಲಾದಂತೆ ತಾನೂ ಬದಲಾಗುವ ಬೆಲೆ. ಆದ್ದರಿಂದ y⁴ ಅನ್ನು ಅವಕಲಿಸಿದರೆ 4y³ ಮಾತ್ರ ಬರುವುದಿಲ್ಲ, ಜೊತೆಗೆ y′ ಕೂಡ ಬರುತ್ತದೆ.

4x³ + 4y³y′ = 0

ಅಂದರೆ y′ = −x³/y³. ಇಲ್ಲಿಯವರೆಗೆ ಯಾರೂ ಎಡವುವುದಿಲ್ಲ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಭಾಗಾಕಾರದ ನಿಯಮ ಹಾಕಿ ಮತ್ತೊಮ್ಮೆ ಅವಕಲಿಸಿದರೆ:

y″ = −(3x²·y³ − x³·3y²·y′)/y⁶

ಛೇದದ y³ ಅನ್ನು ಅವಕಲಿಸುವಾಗ ಆ y′ ಅನ್ನು ಬರೆಯಲು ಮರೆಯುವವರೇ ಹೆಚ್ಚು. ಇನ್ನು ಕೆಲವರು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರೆಬೆಂದದ್ದು. y′ ಎಷ್ಟೆಂದು ನಮಗೆ ಆಗಲೇ ಗೊತ್ತಿದೆ. −x³/y³ ಎಂದು ಅಲ್ಲಿ ಹಾಕಿ, 3x²y² ಹೊರಗೆ ತೆಗೆದು, ಉಳಿದದ್ದನ್ನು ಒಂದೇ ಛೇದಕ್ಕೆ ತಂದರೆ ಹೀಗಾಗುತ್ತದೆ:

y″ = −3x²(y⁴ + x⁴)/y⁷

ಆವರಣದೊಳಗೆ ಕಣ್ಣು ಹಾಯಿಸಿ. ನಾವು ಎಲ್ಲಿಂದ ಹೊರಟೆವೋ ಆ ಸಮೀಕರಣದ ಎಡಭಾಗವೇ ಅಲ್ಲಿ ಕೂತಿದೆ. ರೇಖೆಯ ಮೇಲಿನ ಯಾವ ಬಿಂದುವಿನಲ್ಲಾದರೂ ಅದರ ಬೆಲೆ 16. ಹಾಗಾಗಿ

y″ = −48x²/y⁷

ಇದು ಕಾಕತಾಳೀಯವಲ್ಲ. ಎಡಗಡೆಯ ಪದಗಳೆಲ್ಲ ಒಂದೇ ಘಾತದವಾಗಿದ್ದರೆ ಆ ಮೊತ್ತ ಹೀಗೆ ಇಡಿಯಾಗಿ ಮರಳಿ ಬರುತ್ತದೆ. x² + xy + y² = 7 ರಲ್ಲೂ ಬರುತ್ತದೆ. x⁴ + xy + y⁴ = 16 ರಂತೆ ನಾಲ್ಕರ ಜೊತೆ ಎರಡನೇ ಘಾತದ ಪದ ಬೆರೆಸಿದರೆ ಇಷ್ಟು ಚೊಕ್ಕವಾಗಿ ಬರುವುದಿಲ್ಲ; ಅಲ್ಲಿ 16ಕ್ಕಾಗಿ ಕಾದು ಕೂರಬಾರದು.

ಆದರೆ 16 ಹಾಕಿದ ಆ ಗಳಿಗೆಯಲ್ಲಿ ಒಂದು ವ್ಯವಹಾರ ನಡೆದಿದೆ, ಪಾಠಗಳಲ್ಲಿ ಅದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅದಕ್ಕೆ ಹಿಂದಿನ ಸೂತ್ರ ಬಲಗಡೆ 16 ಇರಲಿ, 81 ಇರಲಿ, ಎಲ್ಲ ರೇಖೆಗಳಿಗೂ ಸರಿ. ಯಾಕೆಂದರೆ ಅವಕಲಿಸಿದಾಗ ಬಲಗಡೆಯ ಸಂಖ್ಯೆ ಅಳಿಸಿಹೋಗಿತ್ತು. ಅಳಿಸಿಹೋದ ಸಂಖ್ಯೆಯನ್ನು ಈಗ ಮರಳಿ ತಂದಿದ್ದೇವೆ. ಸೂತ್ರ ಚಿಕ್ಕದಾಯಿತು, ಆದರೆ ಈ ಒಂದು ರೇಖೆಗೆ ಮಾತ್ರ ಸೀಮಿತವಾಯಿತು. x = 1, y = 1 ಎಂದು ಹಾಕಿ −48 ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ; ಆ ಬಿಂದು ರೇಖೆಯ ಮೇಲೆಯೇ ಇಲ್ಲ.

ಉತ್ತರವನ್ನು ಕ್ಯಾಲ್ಕುಲೇಟರಿನಲ್ಲಿ ಪರೀಕ್ಷಿಸಬಹುದು. x = 1 ಆದಾಗ y⁴ = 15, ಅಂದರೆ y ಸುಮಾರು 1.96799. ಸೂತ್ರದ ಪ್ರಕಾರ y″ ಸುಮಾರು −0.420. ಈಗ ಸೂತ್ರವನ್ನು ಪಕ್ಕಕ್ಕಿಟ್ಟು, ಮೂಲ ಸಮೀಕರಣದಿಂದಲೇ ಅಕ್ಕಪಕ್ಕದ ಬೆಲೆಗಳನ್ನು ತೆಗೆಯಿರಿ: x = 0.9 ರಲ್ಲಿ y = 1.97917, x = 1.1 ರಲ್ಲಿ y = 1.95259. ಈ ಎರಡನ್ನೂ ಕೂಡಿ, ನಡುವಿನ ಬೆಲೆಯ ಎರಡರಷ್ಟನ್ನು ಕಳೆದು, 0.1ರ ವರ್ಗದಿಂದ ಭಾಗಿಸಿದರೆ −0.422 ಸಿಗುತ್ತದೆ. ಮರೆತ y′ ಇದ್ದಿದ್ದರೆ ಇಲ್ಲಿ ತಕ್ಷಣ ಗೊತ್ತಾಗುತ್ತಿತ್ತು.

ಸೂತ್ರ ಚಿಕ್ಕದಾದ ಮೇಲೆ ರೇಖೆಯ ಗುಣ ನೋಡಿದೊಡನೆ ತಿಳಿಯುತ್ತದೆ. ಮೇಲರ್ಧದಲ್ಲಿ y ಧನಾತ್ಮಕ, x² ಎಂದೂ ಋಣವಲ್ಲ; ಆದ್ದರಿಂದ y″ ಋಣ ಅಥವಾ ಸೊನ್ನೆ, ರೇಖೆ ಕೆಳಮುಖವಾಗಿಯೇ ಬಾಗುತ್ತದೆ. ಸೊನ್ನೆಯಾಗುವುದು ತುತ್ತತುದಿಯಲ್ಲಿ, x = 0 ಆದಾಗ. ಆ ಬಿಂದುವಿನಲ್ಲಿ ಬಾಗು ಪೂರ್ತಿ ಇಲ್ಲ. ವೃತ್ತಕ್ಕೆ ಇದೇ ಲೆಕ್ಕ ಮಾಡಿದರೆ y″ = −4/y³ ಬರುತ್ತದೆ, ಅದರಲ್ಲಿ x ಇಲ್ಲವೇ ಇಲ್ಲ; ತುದಿಯಲ್ಲಿ ಬೆಲೆ −1/2. ಚಪ್ಪಟೆ ಬದಿಯ ಗುಟ್ಟು ಮೇಲಿರುವ ಆ x² ನಲ್ಲಿದೆ. ಮೂಲೆಯಲ್ಲಿ, ಅಂದರೆ x = y ಇರುವ ಕಡೆ, y″ ಸುಮಾರು −3.57. ಇಳಿಜಾರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಲ್ಲಿನ ಬಾಗು 0.79 ತ್ರಿಜ್ಯದ ವೃತ್ತದ ಬಾಗಿಗೆ ಸಮ.

ಸಾಮಾನ್ಯ ಚೌಕದ ಮೂಲೆಗೆ ಕಾಲು ವೃತ್ತ ಅಂಟಿಸಿದರೂ ದುಂಡು ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಆದರೆ ನೇರ ಬದಿ ಮುಗಿದು ವೃತ್ತ ಶುರುವಾಗುವಲ್ಲಿ y″ ಸೊನ್ನೆಯಿಂದ ಒಮ್ಮೆಲೇ ಜಿಗಿಯುತ್ತದೆ. ಅಂಥ ರಸ್ತೆಯಲ್ಲಿ ಹೋಗುವವನು ಸ್ಟೀರಿಂಗನ್ನು ಥಟ್ಟನೆ ತಿರುಗಿಸಬೇಕು. ನಮ್ಮ ರೇಖೆಯಲ್ಲಿ ಬಾಗು ಸೊನ್ನೆಯಿಂದ ಮೆಲ್ಲಗೆ ಏರಿ, ಮೂಲೆಯನ್ನು ದಾಟಿ, ಮೆಲ್ಲಗೆ ಇಳಿಯುತ್ತದೆ.

ಸೂತ್ರಕ್ಕೆ ಒಂದು ಮಿತಿಯೂ ಇದೆ. (2, 0) ರಲ್ಲಿ y = 0; ಛೇದ ಸೊನ್ನೆಯಾಗಿ ಸೂತ್ರ ಕೈಕೊಡುತ್ತದೆ. ಇದು ರೇಖೆಯ ದೋಷವಲ್ಲ. ಅಲ್ಲಿ ಸ್ಪರ್ಶಕ ನೆಟ್ಟಗೆ ನಿಂತಿರುವುದರಿಂದ y ಅನ್ನು x ನ ಮೂಲಕ ಅಳೆಯುವ ಕ್ರಮ ನಡೆಯುವುದಿಲ್ಲ, ಅಷ್ಟೆ. ಅಕ್ಷರಗಳನ್ನು ಅದಲುಬದಲು ಮಾಡಿ x″ = −48y²/x⁷ ಎಂದು ಬರೆದುಕೊಂಡರೆ ಆ ಬಿಂದುವಿನಲ್ಲೂ ಉತ್ತರ ಸೊನ್ನೆ.

ಕೈಯಿಂದ ಮಾಡಿ ನೋಡುವ ಆಸೆ ಇದ್ದವರು x⁶ + y⁶ = 64 ತೆಗೆದುಕೊಳ್ಳಿ. y″ = −320x⁴/y¹¹ ಬಂದರೆ ನಿಮ್ಮ ಲೆಕ್ಕ ಸರಿ; ಬಾರದಿದ್ದರೆ ಮೊದಲು ಹುಡುಕಬೇಕಾದ್ದು ಕಳೆದುಹೋದ y′ ಅನ್ನು.