ಐದು ಸುದ್ದಿ, ಒಂದೇ ದನಿ

ಬೆಳಗ್ಗೆ ಕಾಫಿ ಲೋಟ ಕೈಗೆ ಬರೋ ಹೊತ್ತಿಗೆ ನಿಮ್ಮಲ್ಲಿ ಹಲವರ ಮೊಬೈಲ್‌ಗೆ ಒಂದು ನ್ಯೂಸ್‌ಲೆಟರ್ ಬಂದು ಕೂತಿರುತ್ತೆ. 'ಶುಭೋದಯ, ಇವತ್ತಿನ ಐದು ಸುದ್ದಿ ಇಲ್ಲಿವೆ' ಅಂತ ಶುರು. ಮೂರು ನಿಮಿಷದಲ್ಲಿ ಓದಿ ಮುಗಿಸಬಹುದು. ಡೆಸ್ಕಿನಲ್ಲಿ ಬರೆಯುವವರು ಬದಲಾಗುತ್ತಿರುತ್ತಾರೆ, ದನಿ ಮಾತ್ರ ದಿನಾ ಒಂದೇ. ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಮಾತಾಡಿಸಿದ ಹಾಗೆ.

ಇದನ್ನು ಮಾಡೋದು ಹೇಗೆ ಅಂತ ನೋಡೋಕೆ ಒಂದೇ ಒಂದು ದಿನ ತಗೊಳ್ಳೋಣ. 2025ರ ಜೂನ್ 7, ಶನಿವಾರದ ಮುಂಜಾನೆ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತು ಮೂರನೇ ದಿನ. ಹಿಂದಿನ ದಿನ ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿದೆ. ಅದೇ ದಿನ ಪ್ರಧಾನಿ ಕಾಶ್ಮೀರದಲ್ಲಿ ಚೆನಾಬ್ ರೈಲು ಸೇತುವೆ ಉದ್ಘಾಟಿಸಿದ್ದಾರೆ. ಅಮೆರಿಕದಲ್ಲಿ ಟ್ರಂಪ್ ಮತ್ತು ಮಸ್ಕ್ ಬಹಿರಂಗವಾಗಿ ಕಿತ್ತಾಡ್ತಿದ್ದಾರೆ. ಇವತ್ತು ಬಕ್ರೀದ್. ಐದು ಸುದ್ದಿ ಸಿಕ್ಕಿತು.

ಒಂದೊಂದಕ್ಕೆ ಸಿಗೋದು ಮೂರು ನಾಲ್ಕು ವಾಕ್ಯ. ಇಂಜಿನಿಯರಿಂಗ್ ಓದಿದವರಿಗೆ ಇದು ಹಳೇ ಸಮಸ್ಯೆ, ಕಂಪ್ರೆಷನ್. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ಆಗೋದೂ ಇದೇ. ಮುಖ ಗುರುತು ಸಿಗುತ್ತೆ, ಹಿಂದಿನ ಬೋರ್ಡಿನ ಅಕ್ಷರ ಓದೋಕಾಗಲ್ಲ. ಸುದ್ದಿಯನ್ನು ಸಣ್ಣದು ಮಾಡುವಾಗ ಮೊದಲು ಉದುರಿ ಹೋಗೋದು 'ಯಾರಿಗೆ', 'ಯಾವಾಗ' ಅನ್ನೋ ಷರತ್ತುಗಳು.

ರೆಪೊ ದರವನ್ನೇ ತಗೊಳ್ಳಿ. 6.00 ಇದ್ದದ್ದು 5.50 ಆಯ್ತು, ಅಂದರೆ ಅರ್ಧ ಪರ್ಸೆಂಟ್ ಇಳಿಕೆ. ಸ್ನೇಹದ ದನಿಯಲ್ಲಿ ಬರೆಯೋಕೆ ಕೂತರೆ ಕೈಗೆ ಮೊದಲು ಬರೋ ವಾಕ್ಯ, 'ಖುಷಿ ಸುದ್ದಿ, ನಿಮ್ಮ ಹೋಮ್ ಲೋನ್ ಇಎಂಐ ಕಡಿಮೆಯಾಗಲಿದೆ'. ಕೇಳೋಕೆ ಚೆನ್ನಾಗಿದೆ. ಆದರೆ ಯಾರ ಇಎಂಐ? ಫಿಕ್ಸೆಡ್ ಬಡ್ಡಿಯ ಸಾಲ ಇದ್ದವರಿಗೆ ಒಂದು ಪೈಸೆಯೂ ಇಳಿಯಲ್ಲ. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ ದರದ ಹೋಮ್ ಲೋನ್‌ಗಳು ಹೆಚ್ಚಾಗಿ ರೆಪೊ ದರಕ್ಕೇ ಜೋಡಣೆಯಾಗಿರುತ್ತವೆ. ಅವರಿಗೆ ಇಳಿಕೆ ಸಿಗುತ್ತೆ, ಆದರೆ ಮೂರು ತಿಂಗಳೊಳಗೆ ಬರುವ ರೀಸೆಟ್ ದಿನಕ್ಕೆ. ನಾಳೆ ಬೆಳಗ್ಗೆಗೇ ಅಲ್ಲ.

ಲೆಕ್ಕ ಹಾಕಿ ನೋಡೋಣ. 30 ಲಕ್ಷ ಸಾಲ, 20 ವರ್ಷ, ಬಡ್ಡಿ 8.5. ತಿಂಗಳ ಕಂತು ಸುಮಾರು 26,035 ರೂಪಾಯಿ. ಬಡ್ಡಿ 8 ಆದರೆ 25,093. ತಿಂಗಳಿಗೆ ಉಳಿಯೋದು 940 ರೂಪಾಯಿಯಷ್ಟು. ಆದರೆ ದರ ಇಳಿದಾಗ ಬ್ಯಾಂಕುಗಳು ಎಷ್ಟೋ ಸಲ ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಕಡಿಮೆ ಮಾಡುತ್ತವೆ. ಈ ಸಾಲದಲ್ಲಿ 240 ಕಂತು ಇದ್ದದ್ದು ಸುಮಾರು 220 ಆಗುತ್ತೆ. ಲಾಭ ದೊಡ್ಡದೇ, ಆದರೆ ಇಎಂಐ ಮಾತ್ರ ಅಷ್ಟೇ. ನ್ಯೂಸ್‌ಲೆಟರ್ ನಂಬಿಕೊಂಡು ಮುಂದಿನ ತಿಂಗಳ ಖರ್ಚು ಲೆಕ್ಕ ಹಾಕಿದವರು ಬ್ಯಾಂಕಿಗೆ ಹೋಗಿ ಜಗಳ ಆಡ್ತಾರೆ. ಸರಿಯಾದ ವಾಕ್ಯ ಬೇಕಾದರೆ ಇನ್ನು ಹತ್ತು ಪದ ಸಾಕು: 'ನಿಮ್ಮದು ರೆಪೊಗೆ ಜೋಡಿಸಿದ ಸಾಲವಾದರೆ, ಮುಂದಿನ ರೀಸೆಟ್‌ನಲ್ಲಿ ಕಂತು ಅಥವಾ ಅವಧಿ ಇಳಿಯಬಹುದು'. ಆ ಪದಗಳಿಗೆ ಜಾಗ ಬೇಕು ಅಂದ್ರೆ ಟ್ರಂಪ್-ಮಸ್ಕ್ ಜಗಳದಿಂದ ಒಂದು ವಾಕ್ಯ ತೆಗೀಬೇಕು. ತೆಗೆದರೆ ನಷ್ಟ ಏನಿಲ್ಲ ಬಿಡಿ.

ಈಗ ಕಷ್ಟದ ಭಾಗ. ಕಾಲ್ತುಳಿತದ ಸುದ್ದಿಯನ್ನು ಇದೇ ಸ್ನೇಹದ ದನಿಯಲ್ಲಿ ಬರೆಯೋದು ಹೇಗೆ? ಸುದ್ದಿಗಳ ಮಧ್ಯೆ ಹಾಕೋ ಕೊಂಡಿ ಮಾತುಗಳೇ ಇಲ್ಲಿ ಅಪಾಯ. 'ಈಗ ಒಂದು ಹಗುರ ಸುದ್ದಿಗೆ ಬರೋಣ' ಅನ್ನೋ ವಾಕ್ಯ ಉಳಿದ ದಿನ ನಡೆಯುತ್ತೆ. 11 ಸಾವಿನ ಪಕ್ಕದಲ್ಲಿ ಅದನ್ನಿಟ್ಟರೆ ಓದೋರಿಗೆ ಮೈ ಉರಿಯುತ್ತೆ. ದನಿ ಒಂದೇ ಅಂದರೆ ಮುಖದಲ್ಲಿ ಸದಾ ನಗು ಅಂತಲ್ಲ. ನಿಮ್ಮ ಪಕ್ಕದ ಮನೆಯವರು ಸಾವಿನ ಸುದ್ದಿ ಹೇಳುವಾಗಲೂ ಅದೇ ಕನ್ನಡದಲ್ಲಿ, ಅದೇ ಸಣ್ಣ ವಾಕ್ಯಗಳಲ್ಲಿ ಹೇಳ್ತಾರೆ. ಆದರೆ ತಮಾಷೆ ಮಾಡಲ್ಲ. ಆ ದಿನ ಕಾಲ್ತುಳಿತ ಮೊದಲಿಗೆ ಬರಬೇಕು. 'ಶುಭೋದಯ'ದ ಪಕ್ಕದ ಎಮೋಜಿ ಹೋಗಬೇಕು. ಮುಂದಿನ ಸುದ್ದಿಗೆ ಕೊಂಡಿ ಮಾತಿಲ್ಲದೆ ಒಂದು ಗೆರೆ ಎಳೆದು ಹೋಗಬೇಕು. ಬಕ್ರೀದ್ ಶುಭಾಶಯ ಕೊನೆಯಲ್ಲಿ, ಎರಡು ಸಾಲು, ತಪ್ಪದೆ. ಹಬ್ಬ ಇರುವ ಮನೆಯವರೂ ನಮ್ಮ ಓದುಗರೇ.

ಇನ್ನೊಂದು ತೊಡಕು ಗಡಿಯಾರದ್ದು. ಆ ಮುಂಜಾನೆ ಮೃತರ ಕುಟುಂಬಗಳಿಗೆ ರಾಜ್ಯ ಸರ್ಕಾರದ ಪರಿಹಾರ 10 ಲಕ್ಷ ರೂಪಾಯಿ ಅಂತ ಬರೆದರೆ ಸರಿಯೇ. ಅದೇ ದಿನ ಮುಖ್ಯಮಂತ್ರಿ ಅದನ್ನು 25 ಲಕ್ಷಕ್ಕೆ ಏರಿಸಿದರು. ಟಿವಿಯಲ್ಲಿ ನಾವು ಕೂಡಲೇ ಕೆಳಗಿನ ಪಟ್ಟಿ ಬದಲಿಸ್ತೀವಿ. ಕಳಿಸಿಬಿಟ್ಟ ನ್ಯೂಸ್‌ಲೆಟರ್ ಮಾತ್ರ ರಾತ್ರಿ ಹತ್ತಕ್ಕೆ ತೆರೆದರೂ 10 ಲಕ್ಷ ಅಂತಲೇ ಹೇಳುತ್ತೆ. ಅದಕ್ಕೇ ಮೇಲ್ಗಡೆ 'ಬೆಳಗ್ಗೆ 5.30ರವರೆಗಿನ ಮಾಹಿತಿ' ಅಂತ ಒಂದು ಸಾಲು ಇರಬೇಕು. ನಾಳೆ ನಿಮ್ಮ ಫೋನಿಗೆ ಬಂದದ್ದರಲ್ಲಿ ಆ ಸಾಲು ಇದೆಯಾ ಅಂತ ಒಮ್ಮೆ ನೋಡಿ.