ಸ್ವಿಚ್ ಹಾಕಿದ ನಾಲ್ಕನೇ ಸೆಕೆಂಡಿಗೆ ಎಷ್ಟು ವೋಲ್ಟ್?

9 ವೋಲ್ಟಿನ ಬ್ಯಾಟರಿ, 100 ಕಿಲೋಓಮ್‌ನ ಒಂದು ರೆಸಿಸ್ಟರ್, 100 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, ನಡುವೆ ಒಂದು ಸ್ವಿಚ್. ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಇವೆಲ್ಲ ಸುಲಭವಾಗಿ ಸಿಗುತ್ತವೆ. ಖಾಲಿ ಕೆಪಾಸಿಟರಿಗೆ ಮಲ್ಟಿಮೀಟರ್ ಹಚ್ಚಿ ಸ್ವಿಚ್ ಹಾಕಿದರೆ ಮೀಟರಿನ ಅಂಕಿ ಸೊನ್ನೆಯಿಂದ ಏರತೊಡಗುತ್ತದೆ. ಮೊದಲು ಸರಸರನೆ, ಆಮೇಲೆ ಮೆಲ್ಲಗೆ, ಎಂಟು ದಾಟಿದ ಮೇಲಂತೂ ತೆವಳಿಕೊಂಡು. ನಾಲ್ಕನೇ ಸೆಕೆಂಡಿನಲ್ಲಿ ಆ ಅಂಕಿ ಎಷ್ಟಿರುತ್ತದೆ ಎಂಬುದನ್ನು ಮೀಟರ್ ನೋಡದೆಯೇ ಹೇಳಬಹುದು. ಅದಕ್ಕೆ ಗೊತ್ತಿರಬೇಕಾದದ್ದು ಮೂರೇ ಸಂಗತಿ: ವೋಲ್ಟೇಜ್ ಎಲ್ಲಿಂದ ಹೊರಟಿತು, ಎಲ್ಲಿಗೆ ಹೊರಟಿದೆ, ಎಷ್ಟು ಬೇಗ ಸಾಗುತ್ತಿದೆ.

ವೇಗ ಕುಗ್ಗುವುದಕ್ಕೆ ಕಾರಣ ರೆಸಿಸ್ಟರಿನಲ್ಲಿದೆ. ಸ್ವಿಚ್ ಹಾಕಿದ ಕ್ಷಣ ಕೆಪಾಸಿಟರಿನಲ್ಲಿ ಏನೂ ಇಲ್ಲ, ಹಾಗಾಗಿ ಬ್ಯಾಟರಿಯ ಪೂರ್ತಿ 9 ವೋಲ್ಟ್ ರೆಸಿಸ್ಟರಿನ ಮೇಲೆ ಬೀಳುತ್ತದೆ. ಓಮ್‌ನ ನಿಯಮದಂತೆ 90 ಮೈಕ್ರೋಆಂಪಿಯರ್ ಕರೆಂಟ್ ಹರಿಯುತ್ತದೆ. ಕೆಪಾಸಿಟರ್ 4.5 ವೋಲ್ಟಿಗೆ ಏರಿದಾಗ ರೆಸಿಸ್ಟರಿನ ಪಾಲಿಗೆ ಉಳಿಯುವುದು ಇನ್ನರ್ಧ, ಕರೆಂಟೂ ಅರ್ಧ. ಕೆಪಾಸಿಟರನ್ನು ತುಂಬುವುದು ಇದೇ ಕರೆಂಟ್. ಅಂದರೆ ಗುರಿಗೆ ಎಷ್ಟು ಅಂತರ ಉಳಿದಿದೆಯೋ ಅದಕ್ಕೆ ತಕ್ಕಷ್ಟೇ ವೇಗ. ಹೀಗೆ ನಡೆಯುವ ಯಾವುದೇ ಏರಿಳಿತದಲ್ಲಿ, ಸಮಾನ ಕಾಲಾವಧಿಗಳಲ್ಲಿ ಉಳಿದ ಅಂತರ ಒಂದೇ ಅನುಪಾತದಲ್ಲಿ ಕಿರಿದಾಗುತ್ತ ಹೋಗುತ್ತದೆ.

ರೆಸಿಸ್ಟರಿನ ಬೆಲೆಯನ್ನು ಕೆಪಾಸಿಟರಿನ ಬೆಲೆಯಿಂದ ಗುಣಿಸಿದರೆ ಬರುವುದು ಕಾಲಸ್ಥಿರಾಂಕ. ನಮ್ಮ ಸರ್ಕ್ಯೂಟಿಗೆ ಅದು 10 ಸೆಕೆಂಡ್. ಪ್ರತಿ 10 ಸೆಕೆಂಡಿಗೆ ಅಂತರ ಇದ್ದದ್ದರ 36.8 ಶೇಕಡಾಕ್ಕೆ ಇಳಿಯುತ್ತದೆ. ಐದು ಕಾಲಸ್ಥಿರಾಂಕ ಕಳೆದ ಮೇಲೆ ಉಳಿಯುವ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ. ಸಾಮಾನ್ಯ ಬಳಕೆಗೆ ಅಲ್ಲಿಗೆ ಕೆಪಾಸಿಟರ್ ತುಂಬಿತು ಎಂದುಕೊಳ್ಳಬಹುದು. ಇಷ್ಟನ್ನೂ ಒಂದೇ ಸಾಲಿನಲ್ಲಿ ಬರೆದರೆ:

V(t) = Vf + (Vi − Vf) × e^(−t/RC)

Vi ಎಂದರೆ ಆರಂಭದ ವೋಲ್ಟೇಜ್, Vf ಎಂದರೆ ಕೊನೆಗೆ ಮುಟ್ಟಬೇಕಾದ ವೋಲ್ಟೇಜ್. ಬಹಳಷ್ಟು ಕಡೆ ಚಾರ್ಜ್ ಆಗುವುದಕ್ಕೆ ಒಂದು ಸೂತ್ರ, ಡಿಸ್ಚಾರ್ಜ್ ಆಗುವುದಕ್ಕೆ ಇನ್ನೊಂದು ಸೂತ್ರ ಎಂದು ಬಾಯಿಪಾಠ ಮಾಡಿಸುತ್ತಾರೆ. ಅದರ ಅಗತ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲಿನ ಒಂದು ಸಾಲು ಎರಡನ್ನೂ ಹೇಳುತ್ತದೆ, ಜೊತೆಗೆ ಆ ಎರಡು ಸೂತ್ರಗಳು ಕೈಬಿಡುವ ಸಂದರ್ಭಗಳನ್ನೂ ಹೇಳುತ್ತದೆ.

ಲೆಕ್ಕ ಮಾಡಿ ನೋಡೋಣ. 4ನೇ ಸೆಕೆಂಡಿಗೆ e^(−0.4) ಎಂದರೆ 0.67. ಆರಂಭ 0, ಕೊನೆ 9. ಉಳಿದ ಅಂತರ 9ರ 0.67 ಭಾಗ, ಅಂದರೆ 6.03 ವೋಲ್ಟ್. ಕೆಪಾಸಿಟರಿನಲ್ಲಿ ಇರುವುದು 2.97 ವೋಲ್ಟ್. 10ನೇ ಸೆಕೆಂಡಿಗೆ ಅದು 5.69 ಆಗುತ್ತದೆ.

ಈಗ, ಕೆಪಾಸಿಟರ್ ಇನ್ನೂ ತುಂಬಿಲ್ಲದಿರುವಾಗಲೇ, ಸ್ವಿಚ್ಚನ್ನು ಇನ್ನೊಂದು ಬದಿಗೆ ತಿರುಗಿಸೋಣ. ಆ ಬದಿಯಲ್ಲಿ ಬ್ಯಾಟರಿ ಇಲ್ಲ, 200 ಕಿಲೋಓಮ್‌ನ ರೆಸಿಸ್ಟರ್ ಮಾತ್ರ ಇದೆ. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಇಳಿಕೆಯನ್ನು 9ರಿಂದ ಶುರು ಮಾಡಿಬಿಡುತ್ತಾರೆ. ಕೆಪಾಸಿಟರಿನ ವೋಲ್ಟೇಜ್ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಜಿಗಿಯಲಾರದು, ಏಕೆಂದರೆ ಜಿಗಿಯಲು ಅಳತೆಯಿಲ್ಲದಷ್ಟು ಕರೆಂಟ್ ಬೇಕು. ಸ್ವಿಚ್ ತಿರುಗುವ ಮೊದಲಿನ ಕ್ಷಣದಲ್ಲಿ ಇದ್ದ 5.69 ವೋಲ್ಟೇ ತಿರುಗಿದ ನಂತರದ ಕ್ಷಣಕ್ಕೂ ಆರಂಭ. ಕರೆಂಟಿಗೆ ಈ ಕಟ್ಟುಪಾಡಿಲ್ಲ. ಒಂದು ಕ್ಷಣದ ಹಿಂದೆ 33 ಮೈಕ್ರೋಆಂಪಿಯರ್ ಕೆಪಾಸಿಟರಿನ ಒಳಗೆ ಹೋಗುತ್ತಿತ್ತು, ಈಗ 28 ಮೈಕ್ರೋಆಂಪಿಯರ್ ಹೊರಗೆ ಬರುತ್ತಿದೆ.

ಹೊಸ ಕಾಲಸ್ಥಿರಾಂಕ 20 ಸೆಕೆಂಡ್, ಗುರಿ 0. ಗಡಿಯಾರವನ್ನೂ ಸ್ವಿಚ್ ತಿರುಗಿಸಿದ ಕ್ಷಣದಿಂದ ಹೊಸದಾಗಿ ಎಣಿಸಬೇಕು. 20 ಸೆಕೆಂಡ್ ಬಿಟ್ಟರೆ 5.69ರ 36.8 ಶೇಕಡಾ, ಅಂದರೆ 2.09 ವೋಲ್ಟ್ ಉಳಿಯುತ್ತದೆ. ಮತ್ತೆ ಬ್ಯಾಟರಿಯ ಬದಿಗೆ ತಿರುಗಿಸಿದರೆ ಆರಂಭ 2.09, ಗುರಿ 9, ಅಂತರ 6.91. 10 ಸೆಕೆಂಡ್ ಕಳೆದಾಗ ಅಂತರ 2.54ಕ್ಕೆ ಇಳಿದು ಕೆಪಾಸಿಟರ್ 6.46 ವೋಲ್ಟ್ ತೋರಿಸುತ್ತದೆ. ಸ್ವಿಚ್ಚನ್ನು ಎಷ್ಟು ಸಲ ತಿರುಗಿಸಿದರೂ ಲೆಕ್ಕದ ದಾರಿ ಇದೇ. ಒಂದು ಹಂತ ಮುಗಿದಲ್ಲಿ ಇನ್ನೊಂದು ಶುರು.

ಆರಂಭದಂತೆ ಕೊನೆಯಲ್ಲೂ ಎಡವುವವರಿದ್ದಾರೆ. ಗುರಿ ಎಂದರೆ ಬ್ಯಾಟರಿಯ ವೋಲ್ಟೇಜೇ ಎಂದುಕೊಳ್ಳುವುದು ಎಲ್ಲ ಸಲ ಸರಿಯಲ್ಲ. ಮಲ್ಟಿಮೀಟರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಡಿಜಿಟಲ್ ಮೀಟರುಗಳ ಒಳಗಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್. ಕೆಪಾಸಿಟರಿಗೆ ಅದನ್ನು ಹಚ್ಚಿದೊಡನೆ ಅದೂ ಸರ್ಕ್ಯೂಟಿನ ಭಾಗವಾಗುತ್ತದೆ. ನಮ್ಮ 100 ಕಿಲೋಓಮ್ ಜೊತೆ ಅದರಿಂದ ಆಗುವ ವ್ಯತ್ಯಾಸ ಸಣ್ಣದು, ಅಂಕಿ 8.91ರಲ್ಲಿ ನಿಲ್ಲುತ್ತದೆ. ಆದರೆ ರೆಸಿಸ್ಟರ್ 1 ಮೆಗಾಓಮ್ ಆಗಿದ್ದರೆ ಎಷ್ಟು ಹೊತ್ತು ಕಾದರೂ ಮೀಟರ್ 8.18 ದಾಟುವುದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೊಳಗೇ ಸೋರುವುದರಿಂದ ಅಂಕಿ ಇನ್ನೂ ಸ್ವಲ್ಪ ಕೆಳಗೇ ನಿಲ್ಲಬಹುದು. ಗುರಿಯನ್ನು ಸರಿಯಾಗಿ ಕಂಡುಹಿಡಿಯಲು ಒಂದು ಉಪಾಯವಿದೆ. ಕೆಪಾಸಿಟರನ್ನು ಮನಸ್ಸಿನಲ್ಲೇ ಕಿತ್ತುಹಾಕಿ, ಅದು ಇದ್ದ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂದು ನೋಡಿ. ಅದೇ Vf.

ಕಾಲಸ್ಥಿರಾಂಕವೂ ಕಾಗದದ ಮೇಲಿದ್ದಷ್ಟು ನಿಖರವಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೇಲೆ 100 ಎಂದು ಅಚ್ಚಾಗಿದ್ದರೂ ಶೇಕಡಾ 20ರಷ್ಟು ಆಚೀಚೆ ಇರುವುದು ಸಾಮಾನ್ಯ. ನಿಮ್ಮ 10 ಸೆಕೆಂಡ್ ನಿಜಕ್ಕೂ 8 ಇರಬಹುದು, 12 ಇರಬಹುದು. ಕೊನೆಗೆ ನಿಂತ ಅಂಕಿಯ 63.2 ಶೇಕಡಾ ಮುಟ್ಟಲು ಸೊನ್ನೆಯಿಂದ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದರೆ ನಿಜವಾದ ಕಾಲಸ್ಥಿರಾಂಕ ಕೈಗೆ ಸಿಗುತ್ತದೆ.

ಇದೇ ಸಾಲನ್ನು ಹಿಂದುಮುಂದಾಗಿಸಿ, ಇಂಥ ವೋಲ್ಟೇಜ್ ಮುಟ್ಟಲು ಎಷ್ಟು ಹೊತ್ತು ಎಂದೂ ಕೇಳಬಹುದು. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸಗೊಳಿಸಿದ 555 ಟೈಮರ್ ಚಿಪ್ ನಿಂತಿರುವುದು ಈ ಪ್ರಶ್ನೆಯ ಮೇಲೆ. ಅದರೊಳಗಿನ ಒಂದು ಟ್ರಾನ್ಸಿಸ್ಟರ್ ಸ್ವಿಚ್ಚಿನ ಕೆಲಸ ಮಾಡುತ್ತದೆ. ಕೆಪಾಸಿಟರ್ ಪೂರೈಕೆಯ ಮೂರನೇ ಎರಡು ಭಾಗಕ್ಕೆ ಏರಿದಾಗ ಸ್ವಿಚ್ ಡಿಸ್ಚಾರ್ಜಿಗೆ ತಿರುಗುತ್ತದೆ, ಮೂರನೇ ಒಂದು ಭಾಗಕ್ಕೆ ಇಳಿದಾಗ ಮತ್ತೆ ಚಾರ್ಜಿಗೆ. ಏರುವಾಗ ಗುರಿಗಿರುವ ಅಂತರ ಮೂರನೇ ಎರಡರಿಂದ ಮೂರನೇ ಒಂದಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಇಳಿಯುವಾಗಲೂ ಹಾಗೆಯೇ. ಅಂತರ ಅರ್ಧವಾಗಲು ಹಿಡಿಯುವ ಹೊತ್ತು ಕಾಲಸ್ಥಿರಾಂಕದ 0.693 ಪಟ್ಟು. ಬ್ಯಾಟರಿ 9 ವೋಲ್ಟಿನದಾಗಲಿ 5 ವೋಲ್ಟಿನದಾಗಲಿ ಅರ್ಧ ಎಂದರೆ ಅರ್ಧವೇ, ಆದ್ದರಿಂದ ಲೆಕ್ಕದಿಂದ ವೋಲ್ಟೇಜೇ ಬಿದ್ದುಹೋಗುತ್ತದೆ. ಬ್ಯಾಟರಿ ಸವೆಯುತ್ತ ಬಂದರೂ ದೀಪ ಮಿನುಗುವ ಲಯ ಹೆಚ್ಚೂಕಡಿಮೆ ಕೆಡದಿರುವುದು ಇದರಿಂದಲೇ.

10 ಮತ್ತು 68 ಕಿಲೋಓಮ್‌ನ ರೆಸಿಸ್ಟರುಗಳು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ಎಲ್ಇಡಿ ಮಿನುಗುವ ಸರ್ಕ್ಯೂಟ್ ಕಟ್ಟಿದ್ದೀರಿ ಎನ್ನೋಣ. ಚಾರ್ಜ್ ಆಗುವುದು ಎರಡೂ ರೆಸಿಸ್ಟರುಗಳ ಮೂಲಕ, ಹಾಗಾಗಿ ದೀಪ 0.54 ಸೆಕೆಂಡ್ ಉರಿಯುತ್ತದೆ. ಡಿಸ್ಚಾರ್ಜ್ 68 ಕಿಲೋಓಮ್‌ನ ಮೂಲಕ ಮಾತ್ರ, ಹಾಗಾಗಿ 0.47 ಸೆಕೆಂಡ್ ಆರಿರುತ್ತದೆ. ಆದರೆ ಮೊದಲ ಮಿನುಗು ಹೀಗಿರುವುದಿಲ್ಲ. ಆಗ ಕೆಪಾಸಿಟರ್ ಹೊರಡುವುದು ಮೂರನೇ ಒಂದು ಭಾಗದಿಂದಲ್ಲ, ಸೊನ್ನೆಯಿಂದ. ಅಂತರ ಮೂರನೇ ಒಂದಕ್ಕೆ ಇಳಿಯಬೇಕು, ಅದಕ್ಕೆ ಕಾಲಸ್ಥಿರಾಂಕದ 1.1 ಪಟ್ಟು ಹೊತ್ತು ಬೇಕು. ಲೆಕ್ಕ ಹಾಕಿದರೆ 0.86 ಸೆಕೆಂಡ್. ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ನೋಡಬೇಕೆಂದರೆ ಬ್ಯಾಟರಿ ಜೋಡಿಸುವ ಮೊದಲು ಕೆಪಾಸಿಟರಿನ ಎರಡು ಕಾಲುಗಳಿಗೂ ಒಂದು ರೆಸಿಸ್ಟರ್ ಮುಟ್ಟಿಸಿ ಅದನ್ನು ಪೂರ್ತಿ ಖಾಲಿ ಮಾಡಿಕೊಳ್ಳಿ.