ಅಂಗೈಯಗಲದ ಪರದೆಯಲ್ಲಿ ಪ್ರಶ್ನೆಯ ಕೋಷ್ಟಕ

ಬಸ್ ಸೇವೆಯ ಬಗ್ಗೆ ಒಂದು ಸಮೀಕ್ಷೆ ಎಂದುಕೊಳ್ಳಿ. ಎಡಕ್ಕೆ ಎಂಟು ಸಾಲು: ಸಮಯಪಾಲನೆ, ಸ್ವಚ್ಛತೆ, ಟಿಕೆಟ್ ದರ ಇತ್ಯಾದಿ. ಮೇಲೆ ‘ತುಂಬಾ ಅತೃಪ್ತಿ’ಯಿಂದ ‘ತುಂಬಾ ತೃಪ್ತಿ’ಯವರೆಗೆ ಏಳು ಕಂಬ. ಕಂಪ್ಯೂಟರಿನಲ್ಲಿ ಇದು ಅಚ್ಚುಕಟ್ಟು. ಫೋನಿನ ಪರದೆಯ ಅಗಲ ಸಾಮಾನ್ಯವಾಗಿ 360 ಅಳತೆಬಿಂದು. ಸಾಲಿನ ಹೆಸರಿಗೆ 120 ಬಿಟ್ಟರೆ ಒಂದೊಂದು ಕಂಬಕ್ಕೆ ಸಿಗುವುದು ಸುಮಾರು 34. ಬೆರಳಿಗೆ 48 ಆದರೂ ಬೇಕೆಂದು ಆಂಡ್ರಾಯ್ಡ್‌ನ ವಿನ್ಯಾಸ ಸೂಚಿಯೇ ಹೇಳುತ್ತದೆ. ಕನ್ನಡದ ಉದ್ದ ಪದಗಳಂತೂ ಅಷ್ಟರಲ್ಲಿ ಹಿಡಿಸುವುದೇ ಇಲ್ಲ.

ಆಗ ಬಲಗಡೆಯ ಕಂಬಗಳು ಪರದೆಯಾಚೆ ಸರಿಯುತ್ತವೆ. ಪಕ್ಕಕ್ಕೆ ಸರಿಸಬೇಕೆಂದು ಹೊಳೆಯದವರು ಕಾಣುವುದರಲ್ಲೇ ಆರಿಸುತ್ತಾರೆ. ಹೀಗೆ ತೃಪ್ತರೂ ಅತೃಪ್ತರ ಲೆಕ್ಕಕ್ಕೆ ಸೇರಬಹುದು. ಬೇಸತ್ತವರು ಒಂದೇ ಕಂಬವನ್ನು ಮೇಲಿಂದ ಕೆಳಗೆ ಒತ್ತುತ್ತಾ ಹೋಗುತ್ತಾರೆ, ಇಲ್ಲವೇ ಪುಟ ಮುಚ್ಚುತ್ತಾರೆ. ನನ್ನ ಮಟ್ಟಿಗೆ ಮುಚ್ಚಿದವರೇ ಮೇಲು, ಕನಿಷ್ಠ ಸುಳ್ಳು ಅಂಕಿ ಕೊಡುವುದಿಲ್ಲ.

ಪರಿಹಾರ ಸರಳ: ಒಂದು ಸಾಲಿಗೆ ಒಂದು ಪ್ರಶ್ನೆ, ಕೆಳಗೆ ಉತ್ತರಗಳು ಒಂದರಡಿ ಒಂದು, ಏಳರ ಬದಲು ಐದು. ಆದರೆ ಎಂಟು ಸಾಲೂ ಹೀಗೆ ಬಿಡಿಸಿದರೆ ಪುಟ ಮೊಳದುದ್ದವಾಗುತ್ತದೆ, ಜನ ನಡುವೆಯೇ ಏಳುತ್ತಾರೆ. ಆದ್ದರಿಂದ ನಾಲ್ಕನ್ನಾದರೂ ಕೈಬಿಡಬೇಕು. ಕಂಪ್ಯೂಟರಿನವರಿಗೂ ಇದೇ ರೂಪ ಕೊಡುವುದು ಲೇಸು, ಇಲ್ಲದಿದ್ದರೆ ಉತ್ತರದ ವ್ಯತ್ಯಾಸ ಜನರದೋ ವಿನ್ಯಾಸದ್ದೋ ತಿಳಿಯದು.

ಕೆಟ್ಟಿದ್ದು ಎಲ್ಲಿ ಎಂದು ಕಂಡುಕೊಳ್ಳಲು, ಬಿಟ್ಟುಹೋದವರ ಸಂಖ್ಯೆಯನ್ನು ಪುಟವಾರು, ಫೋನು ಮತ್ತು ಕಂಪ್ಯೂಟರ್ ಬೇರೆಬೇರೆಯಾಗಿ ನೋಡಬೇಕು. ಕೋಷ್ಟಕದ ಪುಟದಲ್ಲಿ ಫೋನಿನವರು ಮಾತ್ರ ಕರಗಿದ್ದರೆ ದೋಷ ಆ ಪುಟದ್ದೇ ಇರಬೇಕು. ಎಲ್ಲರೂ ಪುಟದಿಂದ ಪುಟಕ್ಕೆ ಸಮನಾಗಿ ಕರಗುತ್ತಿದ್ದರೆ, ಸಮೀಕ್ಷೆಯ ಉದ್ದದ ಮೇಲೆ ಅನುಮಾನಪಡಬೇಕು.